ವಿಭಾಗದ ಪರೀಕ್ಷಾ ಫಲಿತಾಂಶದ ಸಾರಾಂಶ: ತೇರ್ಗಡೆಯ ಪ್ರಮಾಣ ಮತ್ತು ದುರ್ಬಲ ಸ್ಥಾನಗಳ ಗುರುತು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಪದವಿ ಕಾಲೇಜುಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದೊಡನೆ ಬಹುಕಾಲದ ಸಂಬಂಧವಿದೆ. ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪಿತವಾಯಿತು. ಗದಗು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಸಂಯೋಜಿತ ಕಾಲೇಜಿನಲ್ಲಿ ಪಾಠ ಹೇಳುವವರು ಒಬ್ಬರು, ಪ್ರಶ್ನಪತ್ರಿಕೆ ರಚಿಸುವವರು ಮತ್ತೊಬ್ಬರು, ಉತ್ತರಪತ್ರಿಕೆಯನ್ನು ನೋಡುವವರು ಮೂರನೆಯವರು. ಹೀಗಿರುವಲ್ಲಿ ಫಲಿತಾಂಶವು ಅಂಕಗಳ ಒಂದು ಉದ್ದನೆಯ ಪಟ್ಟಿಯಾಗಿ ಕಾಲೇಜಿಗೆ ಬಂದು ಮುಟ್ಟುವುದು. ಅದರಿಂದ ಪ್ರತಿಯೊಂದು ವಿಭಾಗವೂ ಒಂದು ಪುಟದ ಸಾರಾಂಶವನ್ನು ತಯಾರಿಸಿ ಪ್ರಾಚಾರ್ಯರಿಗೆ ಒಪ್ಪಿಸಬೇಕಾಗುವುದು. ವಿಷಯವಾರು ತೇರ್ಗಡೆಯ ಶೇಕಡಾ ಪ್ರಮಾಣ, ಅದರ ಕೆಳಗೆ 'ದುರ್ಬಲ ವಿಷಯಗಳು' ಎಂಬ ಒಂದು ಸಾಲು, ಇಷ್ಟರಲ್ಲಿ ಆ ಪುಟವು ಸಾಮಾನ್ಯವಾಗಿ ಮುಗಿದುಹೋಗುತ್ತದೆ.

ಆ ಒಂದು ಸಾಲಿನ ಮೇಲೆ ಎಷ್ಟೋ ಸಂಗತಿಗಳು ನಿಂತಿರುತ್ತವೆ. ಯಾವ ಅಧ್ಯಾಪಕರಿಗೆ ಸಮಜಾಯಿಷಿ ಕೇಳಬೇಕು, ಯಾವ ವಿಷಯಕ್ಕೆ ವಿಶೇಷ ತರಗತಿ ಏರ್ಪಡಿಸಬೇಕು, ಮುಂದಿನ ವರ್ಷ ಯಾವ ಐಚ್ಛಿಕ ವಿಷಯವನ್ನು ವಿದ್ಯಾರ್ಥಿಗಳು ಬಿಟ್ಟು ದೂರ ಸರಿಯುವರು, ಇವೆಲ್ಲವೂ ಅದರಿಂದಲೇ ನಿರ್ಧಾರವಾಗುವುವು. ಆದುದರಿಂದ ಸಾರಾಂಶದ ಶೇಕಡಾ ಪ್ರಮಾಣವು ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ, ದುರ್ಬಲತೆಯು ನಿಜವಾಗಿ ಎಲ್ಲಿದೆಯೆಂಬುದನ್ನು ಹೇಗೆ ಕಂಡುಹಿಡಿಯಬೇಕು ಎಂಬುದನ್ನು ನಾವು ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯತನಕ ಹಿಡಿದು ವಿವೇಚಿಸುವೆವು. ಉದಾಹರಣೆಯ ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಕಲ್ಪಿಸಿಕೊಂಡವು; ಅವು ಯಾವ ಕಾಲೇಜಿನ ನಿಜವಾದ ಫಲಿತಾಂಶವೂ ಅಲ್ಲ. ಆದರೆ ಮುಂಡರಗಿಯಂಥ ತಾಲೂಕು ಸ್ಥಳದ ಕಾಲೇಜೊಂದರ ಅರ್ಥಶಾಸ್ತ್ರ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ವಾಚಕರಿಗೆ ಅವು ಅಪರಿಚಿತವೆನಿಸಲಾರವು.

ಆ ವಿಭಾಗದ ಒಂದು ಸೆಮಿಸ್ಟರಿನಲ್ಲಿ 48 ವಿದ್ಯಾರ್ಥಿಗಳು ಪ್ರವೇಶ ಪಡೆದಿದ್ದಾರೆ, ನಾಲ್ಕು ಪತ್ರಿಕೆಗಳಿವೆ. ಪ್ರತಿ ಪತ್ರಿಕೆಗೆ ಲಿಖಿತ ಪರೀಕ್ಷೆಯ 80 ಅಂಕಗಳು, ಆಂತರಿಕ ಮೌಲ್ಯಮಾಪನದ 20 ಅಂಕಗಳು. ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ 32 ಬರಲೇಬೇಕು ಎಂದು ಇಟ್ಟುಕೊಳ್ಳೋಣ.

| ಪತ್ರಿಕೆ | ಪ್ರವೇಶ | ಹಾಜರು | ಉತ್ತೀರ್ಣ | ಹಾಜರಾದವರಲ್ಲಿ ಶೇಕಡಾ | ಪ್ರವೇಶ ಪಡೆದವರಲ್ಲಿ ಶೇಕಡಾ |
|---|---|---|---|---|---|
| ಸೂಕ್ಷ್ಮ ಅರ್ಥಶಾಸ್ತ್ರ | 48 | 44 | 37 | 84.1 | 77.1 |
| ಭಾರತದ ಆರ್ಥಿಕತೆ | 48 | 45 | 42 | 93.3 | 87.5 |
| ಸಂಖ್ಯಾಶಾಸ್ತ್ರ | 48 | 40 | 26 | 65.0 | 54.2 |
| ಸಾರ್ವಜನಿಕ ಹಣಕಾಸು | 48 | 44 | 38 | 86.4 | 79.2 |

ರೂಢಿಯ ಸಾರಾಂಶದಲ್ಲಿ ಈ ಪಟ್ಟಿಯ ಐದನೆಯ ಅಂಕಣವೊಂದೇ ಇರುತ್ತದೆ. 'ವಿಭಾಗದ ಫಲಿತಾಂಶ' ಎಂದು ಆ ನಾಲ್ಕು ಪ್ರಮಾಣಗಳ ಸರಾಸರಿಯನ್ನು ಬರೆದುಬಿಡುವ ಪದ್ಧತಿಯೂ ಕೆಲವೆಡೆ ಉಂಟು. ಇಲ್ಲಿ ಅದು ಶೇಕಡಾ 82.2 ಆಗುವುದು. ನಾಲ್ಕೂ ಪತ್ರಿಕೆಗಳಲ್ಲಿ ತೇರ್ಗಡೆ ಹೊಂದಿದವರು ಮಾತ್ರ 24 ಜನ ಎಂದು ಭಾವಿಸೋಣ. ಆಗ ಪ್ರವೇಶ ಪಡೆದ 48 ಜನರಲ್ಲಿ ಸರಿಯಾಗಿ ಅರ್ಧದಷ್ಟು ಜನರು ಮಾತ್ರ ಯಾವ ಬಾಕಿಯೂ ಇಲ್ಲದೆ ಮುಂದಕ್ಕೆ ಹೋದರು. ಶೇಕಡಾ 82 ಎಂಬುದೂ ಸುಳ್ಳಲ್ಲ, ಶೇಕಡಾ 50 ಎಂಬುದೂ ಸುಳ್ಳಲ್ಲ. ಒಂದು ಪತ್ರಿಕೆಗಳ ಲೆಕ್ಕ, ಇನ್ನೊಂದು ವಿದ್ಯಾರ್ಥಿಗಳ ಲೆಕ್ಕ. ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳಿಸಿದ ತಂದೆತಾಯಿಗಳು ಕೇಳುವುದು ಎರಡನೆಯ ಲೆಕ್ಕವನ್ನೇ.

ಈಗ ಹಾಜರಿಯ ಅಂಕಣವನ್ನು ನೋಡೋಣ. ಉಳಿದ ಮೂರು ಪತ್ರಿಕೆಗಳಿಗೆ ಬಾರದವರು ಮೂರು ಅಥವಾ ನಾಲ್ಕು ಜನ. ಸಂಖ್ಯಾಶಾಸ್ತ್ರಕ್ಕೆ ಬಾರದವರು ಎಂಟು ಜನ. ಬೇರೆ ಪತ್ರಿಕೆಗಳಲ್ಲಿ ಒಂದನ್ನಾದರೂ ಬರೆದು ಇದನ್ನು ಬಿಟ್ಟವರು ನಾಲ್ವರಾದರೂ ಇದ್ದಾರೆಂದಾಯಿತು. ಇವರು ಪರೀಕ್ಷೆಗೆ ಮುಂಚೆಯೇ ಸೋಲೊಪ್ಪಿಕೊಂಡವರು. ಹಾಜರಾದವರಲ್ಲಿಯ ಪ್ರಮಾಣವು ಅವರನ್ನು ಲೆಕ್ಕದಿಂದಲೇ ಕೈಬಿಡುತ್ತದೆ. ಅಷ್ಟೇ ಅಲ್ಲ, ಅವರು ಬಾರದಿದ್ದುದಕ್ಕಾಗಿ ವಿಭಾಗಕ್ಕೆ ಲಾಭವನ್ನೂ ಮಾಡಿಕೊಡುತ್ತದೆ. ಈ ಲಾಭದ ಆಸೆಯು ಎಲ್ಲಿಗೆ ಒಯ್ಯಬಹುದೆಂಬುದನ್ನು ಸ್ಪಷ್ಟವಾಗಿಯೇ ಹೇಳುವುದು ಒಳ್ಳೆಯದು. ಹಾಜರಾದ 40 ಜನರಲ್ಲಿ ಸೋಲುವಂತೆ ಕಾಣುವ ಹತ್ತು ಜನರನ್ನು ಹಾಜರಿಯ ಕೊರತೆಯ ನೆವದಿಂದ ಪರೀಕ್ಷೆಗೆ ಕೂಡಿಸದೆ ತಡೆದರೆ, ಅದೇ 26 ಉತ್ತೀರ್ಣರು 30ರಲ್ಲಿ 26 ಆಗಿ, ಪ್ರಮಾಣವು 65ರಿಂದ 86.7ಕ್ಕೆ ಏರುವುದು. ಒಬ್ಬನೇ ಒಬ್ಬ ವಿದ್ಯಾರ್ಥಿಯೂ ಒಂದಕ್ಷರವನ್ನು ಹೆಚ್ಚಿಗೆ ಕಲಿಯದೆ ಇಪ್ಪತ್ತೊಂದು ಅಂಶಗಳಿಗಿಂತ ಹೆಚ್ಚಿನ 'ಪ್ರಗತಿ' ಆಯಿತು! ಆದುದರಿಂದ ಸಾರಾಂಶದಲ್ಲಿ ಪ್ರವೇಶ, ಹಾಜರಿ, ತೇರ್ಗಡೆ ಈ ಮೂರು ಸಂಖ್ಯೆಗಳೂ ಇರಲೇಬೇಕು. ಬಾರದಿದ್ದ ಒಬ್ಬೊಬ್ಬರ ಕಾರಣವನ್ನೂ ವಿಭಾಗದ ದಫ್ತರದಲ್ಲಿ ಬರೆದಿಡಬೇಕು. ಹಿಂದಿನ ವರ್ಷಗಳ ಬಾಕಿಯನ್ನು ತೀರಿಸಲು ಬಂದ ಪುನರಾವರ್ತಿತ ಪರೀಕ್ಷಾರ್ಥಿಗಳನ್ನು ಈ ಪಟ್ಟಿಯಲ್ಲಿ ಬೆರೆಸಕೂಡದು. ಅವರಿಗೆ ಬೇರೆಯೇ ಒಂದು ಸಾಲು ಸಾಕು.

ಮುಂದಿನ ಪ್ರಶ್ನೆಯು ಸಂಖ್ಯೆಯ ಗಾತ್ರದ್ದು. ಗದಗಿನ ದೊಡ್ಡ ಕಾಲೇಜೊಂದರಲ್ಲಿ 120 ಜನರು ಪರೀಕ್ಷೆಗೆ ಕೂತು 90 ಜನರು ಉತ್ತೀರ್ಣರಾದರೆ ಪ್ರಮಾಣವು ಶೇಕಡಾ 75. ಶಿರಹಟ್ಟಿಯಂಥ ಊರಿನ ಚಿಕ್ಕ ವಿಭಾಗದಲ್ಲಿ 12 ಜನರು ಕೂತು 9 ಜನರು ಉತ್ತೀರ್ಣರಾದರೂ ಶೇಕಡಾ 75ರೇ. ಕಾಗದದ ಮೇಲೆ ಇವೆರಡೂ ಒಂದೇ. ಆದರೆ ಎರಡನೆಯದರಲ್ಲಿ ಒಬ್ಬ ವಿದ್ಯಾರ್ಥಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಪ್ರಮಾಣವು ಎಂಟು ಅಂಶಗಳಷ್ಟು ಇಳಿಯುವುದು. ಇಂಥ ಪ್ರಮಾಣದ ಹಿಂದಿರುವ ನಿಜವಾದ ಮಟ್ಟವು ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಅಳೆಯಲು ಅಮೇರಿಕದ ಎಡ್ವಿನ್ ವಿಲ್ಸನ್ನರು 1927ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ನೂರಕ್ಕೆ ತೊಂಬತ್ತೈದರ ಭರವಸೆಯ ಮಟ್ಟವನ್ನು ಇಟ್ಟುಕೊಂಡು ಅದನ್ನು ಹಚ್ಚಿ ನೋಡಿದರೆ, 120 ಜನರ ವಿಭಾಗದ ಶೇಕಡಾ 75ರ ವ್ಯಾಪ್ತಿಯು ಸುಮಾರು 67ರಿಂದ 82ರವರೆಗೆ. 12 ಜನರ ವಿಭಾಗದ್ದು ಸುಮಾರು 47ರಿಂದ 91ರವರೆಗೆ! ಇಷ್ಟು ಅಗಲವಾದ ಹರವಿನಲ್ಲಿ ಹೋದ ವರ್ಷಕ್ಕಿಂತ ಈ ವರ್ಷ ಶೇಕಡಾ ಹದಿನೈದು ಇಳಿಯಿತೆಂದು ಅಧ್ಯಾಪಕರನ್ನು ನಿಲ್ಲಿಸಿ ಕೇಳುವುದಕ್ಕೆ ಅರ್ಥವಿಲ್ಲ. ಶೇಕಡಾ ಹದಿನೈದು ಏರಿತೆಂದು ಹಾರ ಹಾಕುವುದಕ್ಕೂ ಅರ್ಥವಿಲ್ಲ. ಜಿಲ್ಲೆಯ ಪಟ್ಟಿಗಳಲ್ಲಿ ಅತ್ಯುನ್ನತ ಸ್ಥಾನದಲ್ಲಿಯೂ ಅತ್ಯಂತ ಕೆಳಗಿನ ಸ್ಥಾನದಲ್ಲಿಯೂ ಚಿಕ್ಕ ವಿಭಾಗಗಳೇ ಮೇಲಿಂದ ಮೇಲೆ ಕಾಣಿಸಿಕೊಳ್ಳಬಹುದಾದುದಕ್ಕೆ ಇದೇ ಕಾರಣ. ಹದಿನೈದು ಇಪ್ಪತ್ತು ಜನರ ವಿಭಾಗವು ಮೂರು ವರ್ಷಗಳ ಸಂಖ್ಯೆಗಳನ್ನು ಕೂಡಿಸಿ ಒಂದು ಪ್ರಮಾಣವನ್ನು ಕೊಡುವುದು ಯೋಗ್ಯ. ಪಠ್ಯಕ್ರಮವು ನಡುವೆ ಬದಲಾದರೆ ಈ ಉಪಾಯವೂ ಕುಂಟುವುದು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವು ಬಂದು, 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಯ ಕ್ರಮವು ಬಂದುದರಿಂದ, ಆ ವರ್ಷಗಳ ಪತ್ರಿಕೆಗಳನ್ನು ಹೆಸರು ಒಂದೇ ಇದೆಯೆಂದು ಕೂಡಿಸಿಬಿಡಲಾಗದು. ಪಾಠಗಳ ಪಟ್ಟಿಯನ್ನು ಮೊದಲು ತಾಳೆ ನೋಡಬೇಕು.

ನಮ್ಮ ಉದಾಹರಣೆಯ ಸಂಖ್ಯಾಶಾಸ್ತ್ರದಲ್ಲಿ ಸೋತವರು 14 ಜನ. ಇವರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಆಗದು. ಅಂಕಗಳ ಪಟ್ಟಿಯನ್ನು ಬಿಡಿಸಿದಾಗ ಎಂಟು ಜನರು 28ರಿಂದ 31ರವರೆಗೆ, ಮೂವರು 20ರಿಂದ 27ರವರೆಗೆ, ಮೂವರು 20ಕ್ಕಿಂತ ಕೆಳಗೆ ಇದ್ದಾರೆನ್ನೋಣ. ಉತ್ತೀರ್ಣರಾದ 26 ಜನರಲ್ಲಿಯೂ ಒಂಬತ್ತು ಜನರು 32ರಿಂದ 35ರೊಳಗೆ ನಿಂತಿದ್ದಾರೆ. ಎಂದರೆ 40ರಲ್ಲಿ 17 ಜನರು ಗೆರೆಯ ಆಚೆ ಈಚೆ ನಾಲ್ಕು ಅಂಕಗಳ ಅಂತರದಲ್ಲಿದ್ದಾರೆ. ಪರೀಕ್ಷಕರ ಕೈ ಇಷ್ಟು ಹಿಡಿತ ಹೆಚ್ಚಾದರೆ ಪ್ರಮಾಣವು 42.5ಕ್ಕೆ ಇಳಿಯುವುದು, ಅಷ್ಟೇ ಸಡಿಲಾದರೆ 85ಕ್ಕೆ ಏರುವುದು.

ಪರೀಕ್ಷಕರ ಕೈ ಅಷ್ಟು ಬದಲಾಗುವುದುಂಟೆ ಎಂದು ಯಾರಾದರೂ ಕೇಳಬಹುದು. ಇಂಗ್ಲೆಂಡಿನಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬಿಬ್ಬರು 1935ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಜನ ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷಕ್ಕೂ ಮೇಲ್ಪಟ್ಟ ಅವಧಿಯ ನಂತರ ಅವೇ ಪತ್ರಿಕೆಗಳನ್ನು ಅವರಿಂದಲೇ ಮತ್ತೆ ನೋಡಿಸಿದರು. ಒಟ್ಟು 210 ತೀರ್ಪುಗಳಲ್ಲಿ 92 ತೀರ್ಪುಗಳು ಎರಡನೆಯ ಸಲ ಬೇರೆಯಾದವು. ಅದೇ ಪತ್ರಿಕೆಗೆ, ಅದೇ ಮನುಷ್ಯನ ತೀರ್ಪು! ಸಂಖ್ಯಾಶಾಸ್ತ್ರದಂಥ ಲೆಕ್ಕದ ವಿಷಯದಲ್ಲಿ ಏರಿಳಿತವು ಇತಿಹಾಸದಷ್ಟು ಇರಲಾರದು. ಆದರೆ ಹಂತಹಂತವಾಗಿ ಅಂಕ ಕೊಡುವಲ್ಲಿ ಮೂರು ನಾಲ್ಕು ಅಂಕಗಳ ಭೇದವು ಅಪರೂಪವೇನೂ ಅಲ್ಲ. ಆದುದರಿಂದ ಗೆರೆಯ ಹತ್ತಿರದ ಎಂಟು ಜನರಿಗೆ ಬೇಕಾದುದು ಒಂದು ಬಗೆಯ ಸಹಾಯ, 20ಕ್ಕಿಂತ ಕೆಳಗಿನ ಮೂವರಿಗೆ ಬೇಕಾದುದು ತೀರ ಬೇರೆ ಬಗೆಯದು. ಗೆರೆಯನ್ನು ಆಗಷ್ಟೇ ದಾಟಿದ ಒಂಬತ್ತು ಜನರನ್ನೂ ಮರೆಯಬಾರದು. ಅವರ ಹೆಸರುಗಳು ಯಾವ ಸೋಲಿನ ಪಟ್ಟಿಯಲ್ಲಿಯೂ ಇರುವುದಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ನಂಬಿ ಇವರನ್ನು ಗುರುತಿಸುವೆವೆಂದರೆ ಸಾಧ್ಯವಾಗದು. ಎಲ್ಲರಿಗೂ 20ಕ್ಕೆ 17, 18 ಕೊಟ್ಟಿರುವಲ್ಲಿ ಆ ಅಂಕಣವು ಯಾರ ವಿಷಯದಲ್ಲಿಯೂ ಏನನ್ನೂ ಹೇಳುವುದಿಲ್ಲ.

ಇನ್ನು ಹೋಲಿಕೆಯ ಮಾತು. ನಮ್ಮ ವಿಭಾಗದ 65ನ್ನು ನೋಡಿ, ಗದಗ-ಬೆಟಗೇರಿಯ ಒಂದು ಕಾಲೇಜಿನಲ್ಲಿ ಇದೇ ಪತ್ರಿಕೆಗೆ ಶೇಕಡಾ 80 ಬಂದಿದೆ, ನಿಮಗೇಕೆ ಬರಲಿಲ್ಲ, ಎಂದು ಯಾರೋ ಕೇಳುವರು. ಕಲಾ ವಿಭಾಗದಿಂದ ಪಿ.ಯು.ಸಿ. ಮುಗಿಸಿ ಬಂದವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯ ನಂತರ ಗಣಿತವನ್ನು ಮುಟ್ಟಿಯೇ ಇರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಎರಡೂ ಕಾಲೇಜುಗಳಲ್ಲಿ 40 ಜನರೇ ಕೂತರೆಂದು ಭಾವಿಸಿ ಬಿಡಿಸಿ ನೋಡೋಣ. ನಗರದ ಕಾಲೇಜಿನಲ್ಲಿ ಪಿ.ಯು.ಸಿ.ಯಲ್ಲಿ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಓದಿ ಬಂದವರು 30, ಅವರಲ್ಲಿ ಉತ್ತೀರ್ಣರು 27. ಓದದೆ ಬಂದವರು 10, ಅವರಲ್ಲಿ ಉತ್ತೀರ್ಣರು 5. ನಮ್ಮ ವಿಭಾಗದಲ್ಲಿ ಓದಿ ಬಂದವರು 8, ಎಂಟೂ ಜನರು ಉತ್ತೀರ್ಣರು. ಓದದೆ ಬಂದವರು 32, ಅವರಲ್ಲಿ ಉತ್ತೀರ್ಣರು 18. ಓದಿ ಬಂದವರಲ್ಲಿ ನಗರದ ಕಾಲೇಜಿನ ಪ್ರಮಾಣ 90, ನಮ್ಮದು 100. ಓದದೆ ಬಂದವರಲ್ಲಿ ಅವರದು 50, ನಮ್ಮದು 56. ಎರಡು ಗುಂಪುಗಳಲ್ಲಿಯೂ ನಮ್ಮ ವಿಭಾಗವೇ ಮುಂದೆ. ಕೂಡಿಸಿದರೆ ಮಾತ್ರ 80ಕ್ಕೆ 65, ಹಿಂದೆ!

ಇದು ಕಣ್ಕಟ್ಟಲ್ಲ. ಕೂಡಿಸುವಾಗ ನಗರದ ಕಾಲೇಜಿನಲ್ಲಿ ಸುಲಭದ ಗುಂಪಿಗೆ ಹೆಚ್ಚು ತೂಕ ಬಿದ್ದಿತು, ನಮ್ಮಲ್ಲಿ ಕಷ್ಟದ ಗುಂಪಿಗೆ ಹೆಚ್ಚು ತೂಕ ಬಿದ್ದಿತು, ಅಷ್ಟೆ. ಈ ವಿಪರ್ಯಾಸದ ಪ್ರಸಿದ್ಧ ನಿದರ್ಶನವು ಅಮೇರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. 1973ರಲ್ಲಿ ಅಲ್ಲಿಯ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇಕಡಾ 44, ಸ್ತ್ರೀಯರಲ್ಲಿ ಸುಮಾರು ಶೇಕಡಾ 35 ಜನರು ಆಯ್ಕೆಯಾದರು, ಪಕ್ಷಪಾತವೆಂದು ತೋರಿತು. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರವು ಕಾಣದಾಯಿತು, ಏಕೆಂದರೆ ಸ್ಥಾನಗಳು ಕಡಿಮೆಯಿದ್ದು ಸ್ಪರ್ಧೆ ಹೆಚ್ಚಿದ್ದ ವಿಭಾಗಗಳಿಗೇ ಸ್ತ್ರೀಯರು ಹೆಚ್ಚಾಗಿ ಅರ್ಜಿ ಹಾಕಿದ್ದರು. ನಮ್ಮ ಉದಾಹರಣೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. ಎಂಟಕ್ಕೆ ಎಂಟು ಎಂಬುದು ಚಿಕ್ಕ ಸಂಖ್ಯೆ, ಹತ್ತಕ್ಕೆ ಐದು ಎಂಬುದೂ ಹಾಗೆಯೇ. ಮೇಲೆ ಹೇಳಿದ ಹರವು ಅಲ್ಲಿಯೂ ಅಗಲವಾಗಿರುತ್ತದೆ. ನಮ್ಮ ವಿಭಾಗವು ನಗರದ ಕಾಲೇಜಿಗಿಂತ ಮೇಲೆಂದು ಇದರಿಂದ ಸಿದ್ಧವಾಗದು. ಕೆಳಗೆಂದು ಸಿದ್ಧವಾಗಲಿಲ್ಲ ಎಂಬಷ್ಟು ಮಾತ್ರ ನಿಶ್ಚಿತ. ದುರ್ಬಲತೆಯ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂದು ಹುಡುಕುವವರಿಗೆ ಅಷ್ಟಾದರೂ ತಿಳಿದಿರಬೇಕು.

ಇಷ್ಟಾದ ಮೇಲೆಯೂ 32ರಲ್ಲಿ 14 ಜನರು ಸೋತದ್ದು ಉಳಿದೇ ಉಳಿಯಿತು. ಈಗ ಪತ್ರಿಕೆಯ ಒಳಗೆ ಹೋಗಬೇಕು. 'ಸಂಖ್ಯಾಶಾಸ್ತ್ರವು ದುರ್ಬಲ' ಎಂಬ ಗುರುತಿನಿಂದ ಯಾರೂ ಏನನ್ನೂ ಮಾಡಲಾರರು. ಸಂಖ್ಯಾಶಾಸ್ತ್ರದಲ್ಲಿ ಯಾವ ಪಾಠ, ಆ ಪಾಠದಲ್ಲಿ ಯಾವ ಹೆಜ್ಜೆ, ಎಂಬುದು ಬೇಕು. ಮುಖ್ಯ ಪರೀಕ್ಷೆಯ ಉತ್ತರಪತ್ರಿಕೆಗಳು ಕಾಲೇಜಿಗೆ ಬರುವುದಿಲ್ಲ ಎಂಬುದೇ ಮೊದಲನೆಯ ಅಡ್ಡಿ. ಪರೀಕ್ಷಾರ್ಥಿಯು ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕುಳ್ಳವನೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಮಾಹಿತಿ ಹಕ್ಕಿನ ಕಾಯಿದೆಯ ಅನ್ವಯ ತೀರ್ಪು ಕೊಟ್ಟಿದೆ. ಆದರೆ ಅದು ವಿದ್ಯಾರ್ಥಿಯ ಹಕ್ಕು, ವಿಭಾಗಕ್ಕೆ ನಲವತ್ತು ಪತ್ರಿಕೆಗಳನ್ನು ತರಿಸಿಕೊಡುವ ದಾರಿಯಲ್ಲ. ಆದುದರಿಂದ ಮುಖ್ಯ ಪರೀಕ್ಷೆಗೆ ಮೂರು ವಾರ ಮೊದಲು ಅದೇ ಮಾದರಿಯ ಪೂರ್ವಸಿದ್ಧತಾ ಪರೀಕ್ಷೆಯನ್ನು ನಡೆಸಿ, ಆ ಉತ್ತರಪತ್ರಿಕೆಗಳ ಅಂಕಗಳನ್ನು ಪ್ರಶ್ನೆವಾರು ಬರೆದಿಡುವುದೇ ಸುಲಭವಾದ ಉಪಾಯ. ಮುಖ್ಯ ಪರೀಕ್ಷೆಯ ಫಲಿತಾಂಶ ಬಂದಾಗ ಈ ಎರಡು ಪಟ್ಟಿಗಳನ್ನು ಹೆಸರು ಹಿಡಿದು ಹೊಂದಿಸಿದರೆ ಸಾಕು.

ನಮ್ಮ 40 ಜನರ ಆ ಪರೀಕ್ಷೆಯಲ್ಲಿ ಹತ್ತು ಅಂಕಗಳ ಆರು ಪ್ರಶ್ನೆಗಳಿದ್ದು, ನಾಲ್ಕಕ್ಕೆ ಮಾತ್ರ ಉತ್ತರಿಸಬೇಕಾಗಿತ್ತು.

| ಪ್ರಶ್ನೆಯ ವಿಷಯ | ಆರಿಸಿಕೊಂಡವರು | ಆರಿಸಿಕೊಂಡವರ ಸರಾಸರಿ ಅಂಕ |
|---|---|---|
| ದತ್ತಾಂಶ ಸಂಗ್ರಹಣೆಯ ವಿಧಾನಗಳು | 38 | 6.0 |
| ಸರಾಸರಿ ಮತ್ತು ಮಧ್ಯಾಂಕ | 36 | 5.8 |
| ಮಾನಕ ವಿಚಲನೆ | 31 | 3.2 |
| ಸಹಸಂಬಂಧ | 24 | 4.9 |
| ಕಾಲಶ್ರೇಣಿ | 22 | 4.5 |
| ಸೂಚ್ಯಂಕಗಳು | 9 | 7.1 |

ಈ ಪಟ್ಟಿಯ ಕೊನೆಯ ಅಂಕಣವನ್ನಷ್ಟೇ ನೋಡಿದವರು ಸೂಚ್ಯಂಕಗಳ ಪಾಠವು ಎಲ್ಲಕ್ಕಿಂತ ಗಟ್ಟಿಯಾಗಿದೆಯೆಂದು ಹೇಳುವರು. ಆದರೆ ಅದನ್ನು ಆರಿಸಿಕೊಂಡವರು ಒಂಬತ್ತೇ ಜನ. ಅವರು ತರಗತಿಯ ಅತ್ಯಂತ ಚುರುಕಾದವರು, ಯಾವ ಪ್ರಶ್ನೆ ಕೊಟ್ಟಿದ್ದರೂ ಏಳರ ಸಮೀಪ ಅಂಕ ಪಡೆಯುವವರು. ಉಳಿದ 31 ಜನರು ಆ ಪ್ರಶ್ನೆಯನ್ನು ಕಂಡು ಪುಟ ಮಗುಚಿದ್ದಾರೆ. ಆಯ್ಕೆಗೆ ಅವಕಾಶವಿರುವ ಪ್ರಶ್ನಪತ್ರಿಕೆಯಲ್ಲಿ ದುರ್ಬಲತೆಯು ಎರಡು ರೂಪಗಳಲ್ಲಿ ಇರುತ್ತದೆ: ಬರೆದು ಸೋತದ್ದು ಒಂದು, ಬರೆಯದೆ ತಪ್ಪಿಸಿಕೊಂಡದ್ದು ಇನ್ನೊಂದು. ಎರಡನೆಯದನ್ನು ಸರಾಸರಿಯು ಎಂದಿಗೂ ತೋರಿಸದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬೆಲೆಗಳ ಸೂಚ್ಯಂಕವು ಬಿಟ್ಟು ನಡೆಯುವ ವಸ್ತುವಲ್ಲ. ಹಣದುಬ್ಬರದ ಪಾಠವೂ ರಾಷ್ಟ್ರೀಯ ವರಮಾನದ ಪಾಠವೂ ಮುಂದೆ ಅದರ ಮೇಲೆಯೇ ನಿಲ್ಲುತ್ತವೆ. ಆದುದರಿಂದ ಒಂಬತ್ತು ಎಂಬ ಆ ಸಂಖ್ಯೆಯ ಪಕ್ಕದಲ್ಲಿ ಕೆಂಪು ಗುರುತು ಬೀಳಬೇಕು.

ಇನ್ನೊಂದು ಗುರುತು ಮಾನಕ ವಿಚಲನೆಗೆ. ಅದನ್ನು 31 ಜನರು ಆರಿಸಿಕೊಂಡರು, ಏಕೆಂದರೆ ಸೂತ್ರವು ಬಾಯಿಗೆ ಬರುತ್ತದೆ. ಆದರೆ ಹತ್ತಕ್ಕೆ 3.2 ಮಾತ್ರ ದೊರೆಯಿತು. ಇಲ್ಲಿ ಉತ್ತರಪತ್ರಿಕೆಗಳನ್ನು ತೆರೆದು ಓದದೆ ಗತ್ಯಂತರವಿಲ್ಲ. ಓದಿದಾಗ ಏಳು ಜನರ ಉತ್ತರಗಳು ಚೆನ್ನಾಗಿದ್ದು, 24 ಜನರು ಮೂರು ಬೇರೆ ಬೇರೆ ಸ್ಥಳಗಳಲ್ಲಿ ಎಡವಿರುವುದು ಕಂಡಿತೆನ್ನೋಣ.

ಹನ್ನೊಂದು ಜನರು ವಿಚಲನೆಗಳನ್ನು ವರ್ಗ ಮಾಡುವುದನ್ನೇ ಬಿಟ್ಟರು, ಇಲ್ಲವೆ ಋಣ ಚಿಹ್ನೆಯಲ್ಲಿ ತಪ್ಪಿದರು. ಮೆಣಸಿನಕಾಯಿಯ ಧಾರಣೆಯು ಐದು ದಿನಗಳಲ್ಲಿ ಯಾವುದೋ ಒಂದು ಮಾನದಲ್ಲಿ 6, 8, 10, 12, 14 ಇತ್ತೆಂದು ಭಾವಿಸಿ. ಸರಾಸರಿ 10, ವಿಚಲನೆಗಳು -4, -2, 0, 2, 4. ಇವುಗಳನ್ನು ಹಾಗೆಯೇ ಕೂಡಿಸಿದರೆ ಮೊತ್ತವು ಸೊನ್ನೆಯಾಗುವುದು. ಯಾವ ದತ್ತಾಂಶವನ್ನು ತೆಗೆದುಕೊಂಡರೂ ಸೊನ್ನೆಯೇ ಆಗುವುದು. ಆ ಸೊನ್ನೆಯಿಂದ ತಪ್ಪಿಸಿಕೊಳ್ಳಲೆಂದೇ ವರ್ಗ ಮಾಡುವುದು ಬಂದಿತು. 16, 4, 0, 4, 16 ಇವುಗಳ ಮೊತ್ತ 40. ಐದರಿಂದ ಭಾಗಿಸಿದರೆ 8. ಅದರ ವರ್ಗಮೂಲ 2.83. ಸೊನ್ನೆಯ ಕಾರಣವನ್ನು ಕರಿಹಲಗೆಯ ಮೇಲೆ ಒಮ್ಮೆ ಕಂಡವನು ವರ್ಗ ಮಾಡುವುದನ್ನು ಮರೆಯಲಾರನು. ಸೂತ್ರವನ್ನು ಉರು ಹೊಡೆದವನು ಮರೆಯುವನು.

ಎಂಟು ಜನರ ತಪ್ಪು ಬೇರೆ. ವರ್ಗಾಂತರಗಳ ಮಧ್ಯಬಿಂದುವನ್ನು ಹಿಡಿಯಬೇಕಾದಲ್ಲಿ ಒಮ್ಮೆ ಮೇಲಿನ ಮಿತಿಯನ್ನು, ಒಮ್ಮೆ ಕೆಳಗಿನ ಮಿತಿಯನ್ನು ಮನಸ್ವೀ ಹಿಡಿದಿದ್ದಾರೆ. ಇಲ್ಲಿ ಅಧ್ಯಾಪಕರು ಗಮನಿಸಬೇಕಾದ ಸ್ವಾರಸ್ಯವೊಂದಿದೆ. ವರ್ಗಾಂತರಗಳು ಸಮಾನವಾಗಿದ್ದು, ಒಬ್ಬನು ಎಲ್ಲ ಕಡೆಯಲ್ಲಿಯೂ ಮೇಲಿನ ಮಿತಿಯನ್ನೇ ಹಿಡಿದನಾದರೆ, ಅವನ ಸರಾಸರಿಯು ಅರ್ಧ ವರ್ಗಾಂತರದಷ್ಟು ತಪ್ಪುವುದು, ಮಾನಕ ವಿಚಲನೆ ಮಾತ್ರ ಸರಿಯಾಗಿಯೇ ಬರುವುದು! ಕೊನೆಯ ಉತ್ತರವನ್ನಷ್ಟೇ ನೋಡಿ ಅಂಕ ಕೊಡುವವರ ಕಣ್ಣಿಗೆ ಆ ತಪ್ಪು ಬೀಳುವುದೇ ಇಲ್ಲ. ಉಳಿದ ಐವರು 8ರವರೆಗೆ ಸರಿಯಾಗಿ ಬಂದು ವರ್ಗಮೂಲದ ಬಾಗಿಲಲ್ಲಿ ನಿಂತುಬಿಟ್ಟರು. ಇವರಿಗೆ ಸಂಖ್ಯಾಶಾಸ್ತ್ರವು ಬರುತ್ತದೆ, ವರ್ಗಮೂಲ ತೆಗೆಯಲು ಬರುವುದಿಲ್ಲ. ಅರ್ಧ ಗಂಟೆಯ ಅಂಕಗಣಿತದಿಂದ ನಿವಾರಣೆಯಾಗುವ ಕೊರತೆಯಿದು. ಹದಿನಾಲ್ಕು ಜನರ ಸೋಲು ನಲವತ್ತು ಗಂಟೆಗಳ ಪಾಠವನ್ನು ಮತ್ತೆ ಮೊದಲಿನಿಂದ ಹೇಳುವುದನ್ನು ಬೇಡುತ್ತಿಲ್ಲ ಎಂಬುದು ಈಗ ಗೊತ್ತಾಯಿತು.

ಒಂದು ಕೆಲಸ ಉಳಿದಿದೆ. ಮಾನಕ ವಿಚಲನೆಯನ್ನು ತರಗತಿಯಲ್ಲಿ ಯಾವ ವಾರ ಹೇಳಲಾಯಿತೆಂಬುದು ಅಧ್ಯಾಪಕರ ದಿನಚರಿಯಲ್ಲಿರುತ್ತದೆ; ಆ ವಾರ ಯಾರು ಬಂದಿದ್ದರೆಂಬುದು ಹಾಜರಿ ಪುಸ್ತಕದಲ್ಲಿರುತ್ತದೆ. ಎಡವಿದ 24 ಜನರ ಹೆಸರುಗಳನ್ನು ಅದರೊಡನೆ ತಾಳೆ ನೋಡಬೇಕು. ನಮ್ಮ ಈ ತಾಲೂಕುಗಳಲ್ಲಿ ಮುಂಗಾರಿನ ಹೆಸರು ಕಾಳಿನ ಬೆಳೆಯು ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ಅದರ ಬೆನ್ನಿಗೇ ಹಿಂಗಾರಿ ಜೋಳ, ಕಡಲೆಗಳ ಬಿತ್ತನೆ. ಆಳು ಸಿಗದ ಆ ದಿನಗಳಲ್ಲಿ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ವಿದ್ಯಾರ್ಥಿನಿಯರು ಹೊಲದಲ್ಲಿರುತ್ತಾರೆ. ಗೈರುಹಾಜರಿಯು ಆ ವಾರಗಳಲ್ಲಿಯೇ ಬಿದ್ದಿದ್ದರೆ, ದೋಷವು ಪಾಠದ ರೀತಿಯಲ್ಲಿಲ್ಲ, ಪಾಠದ ದಿನದಲ್ಲಿದೆ. ಬಿಟ್ಟೂಬಿಡದೆ ಬಂದವರೂ ಅಷ್ಟೇ ಪ್ರಮಾಣದಲ್ಲಿ ಎಡವಿದ್ದರೆ ಪಾಠದ ರೀತಿಯನ್ನೇ ನೋಡಿಕೊಳ್ಳಬೇಕು. ಈ ಎರಡನ್ನು ಬೇರ್ಪಡಿಸುವ ಸಾಧನವು ವಿಭಾಗದ ಕಪಾಟಿನಲ್ಲಿಯೇ ಇದೆ. ಅದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ.

ಹೀಗೆ ನೋಡಿದ ಮೇಲೆ ಸಾರಾಂಶದಲ್ಲಿ 'ದುರ್ಬಲ ವಿಷಯ: ಸಂಖ್ಯಾಶಾಸ್ತ್ರ, ಶೇಕಡಾ 65' ಎಂದು ಬರೆಯುವುದರ ಬದಲು ನಾವು ಈ ರೀತಿ ಬರೆಯುವೆವು:

"ಸಂಖ್ಯಾಶಾಸ್ತ್ರ: ಪ್ರವೇಶ 48, ಹಾಜರು 40, ಉತ್ತೀರ್ಣ 26. ಬಾರದವರು ಎಂಟು ಜನ. ಇತರ ಪತ್ರಿಕೆಗಳನ್ನು ಬರೆದು ಇದನ್ನು ಬಿಟ್ಟವರೊಡನೆ ಬೇರೆಯಾಗಿ ಮಾತನಾಡಬೇಕು. ಸೋತ ಹದಿನಾಲ್ಕು ಜನರೂ ಪಿ.ಯು.ಸಿ.ಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರವನ್ನು ಓದದವರು. ಎಂಟು ಜನರು ಗೆರೆಯಿಂದ ನಾಲ್ಕು ಅಂಕಗಳ ಒಳಗೆ. ಮಾನಕ ವಿಚಲನೆಯಲ್ಲಿ ವರ್ಗ ಮಾಡುವ ಹೆಜ್ಜೆ ಮತ್ತು ಮಧ್ಯಬಿಂದುವಿನ ಹೆಜ್ಜೆ ದುರ್ಬಲ. ಸೂಚ್ಯಂಕಗಳನ್ನು 31 ಜನರು ಬಿಟ್ಟಿದ್ದಾರೆ. ಮುಂದಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಕಡ್ಡಾಯ ಮಾಡಲಾಗುವುದು. ಇದೇ ಪತ್ರಿಕೆಯಲ್ಲಿ ವಿಶ್ವವಿದ್ಯಾಲಯದ ಒಟ್ಟು ಪ್ರಮಾಣವನ್ನು ಪಕ್ಕದಲ್ಲಿ ಬರೆಯಬೇಕು."

ಕೊನೆಯ ವಾಕ್ಯವನ್ನು ಸೇರಿಸಿದ್ದಕ್ಕೆ ಕಾರಣವಿದೆ. ಪ್ರಶ್ನಪತ್ರಿಕೆಯೇ ಒಂದು ವರ್ಷ ಬಿರುಸಾಗಿ ಬಂದರೆ ಎಲ್ಲ ಕಾಲೇಜುಗಳ ಪ್ರಮಾಣವೂ ಒಟ್ಟಿಗೆ ಇಳಿಯುವುದು. ನಮ್ಮ ಇಳಿತವು ಅದರ ಜೊತೆಗಿನದೋ ಅದಕ್ಕೆ ಮೀರಿದುದೋ ಎಂಬುದು ಆ ಒಂದು ಸಂಖ್ಯೆಯಿಂದ ತಿಳಿಯುವುದು. ಈ ಟಿಪ್ಪಣಿಯನ್ನು ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯು ಗೋಡೆಗೆ ಹತ್ತುವ ಮೊದಲೇ ಸಿದ್ಧಪಡಿಸಬೇಕು, ಏಕೆಂದರೆ ವರ್ಗಮೂಲದ ಆ ಅರ್ಧ ಗಂಟೆಗೂ ಸೂಚ್ಯಂಕಗಳ ಎರಡು ಹೆಚ್ಚಿನ ತರಗತಿಗಳಿಗೂ ಸ್ಥಳವನ್ನು ಅದರಲ್ಲಿಯೇ ಹುಡುಕಬೇಕಾಗಿದೆ.